ಆರು ಜನರ ಮನೆಗೆ ಒಂದೇ ಟ್ಯೂಬ್: ತುರಿಕಜ್ಜಿ ಮರಳಿ ಬರುವುದೇಕೆ?

ರಾತ್ರಿ ಹಾಸಿಗೆಗೆ ಹೋದ ಮೇಲೆ ಹೆಚ್ಚಾಗುವ ತುರಿಕೆ. ಬೆರಳ ಸಂದು, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ಸೊಂಟದ ಪಟ್ಟಿ, ತೊಡೆಯ ಸಂದಿಯಲ್ಲಿ ಸಣ್ಣ ಗುಳ್ಳೆಗಳು. ಮನೆಯಲ್ಲಿ ಒಬ್ಬರಿಗೆ ಶುರುವಾದದ್ದು ಕೆಲವು ವಾರಗಳಲ್ಲಿ ಇನ್ನೊಬ್ಬರಿಗೂ ಬರುತ್ತದೆ. ಇದೇ ತುರಿಕಜ್ಜಿ, ಊರ ಕಡೆ ಬರೀ ಕಜ್ಜಿ ಎಂದರೂ ನಡೆಯುತ್ತದೆ. ಮುಂಬೈ, ಪುಣೆಯಲ್ಲಿ 'ಖರೂಜ್' ಎನ್ನುತ್ತಾರೆ, ಹೈದರಾಬಾದಿನಲ್ಲಿ 'ಗಜ್ಜಿ', ಚೆನ್ನೈಯಲ್ಲಿ 'ಸಿರಂಗು'. ಡಾಕ್ಟರ ಚೀಟಿಯಲ್ಲಿ 'ಸ್ಕೇಬೀಸ್' ಎಂದಿರುತ್ತದೆ.

ಇದಕ್ಕೆ ಒಳ್ಳೆಯ ಔಷಧಗಳಿವೆ, ದುಬಾರಿಯೂ ಅಲ್ಲ. ಪರ್ಮೆಥ್ರಿನ್ 5% ಕ್ರೀಮು, ಐವರ್ಮೆಕ್ಟಿನ್ ಮಾತ್ರೆ ಎರಡೂ ಹೆಚ್ಚುಕಡಿಮೆ ಎಲ್ಲ ಮೆಡಿಕಲ್‌ಗಳಲ್ಲಿ ಸಿಗುತ್ತವೆ. ಹಾಗಿದ್ದೂ ಎರಡು ಮೂರು ಸಲ ಹಚ್ಚಿದರೂ ಹೋಗಲಿಲ್ಲ ಎನ್ನುವವರು ಬಹಳ. ಬಹುತೇಕ ಸಂದರ್ಭಗಳಲ್ಲಿ ತಪ್ಪು ಔಷಧದ್ದಲ್ಲ. ಒಂದೋ ಹಚ್ಚಿದ್ದು ಸಾಲದು, ಇಲ್ಲವೇ ಹಚ್ಚಬೇಕಾದವರೆಲ್ಲ ಹಚ್ಚಿಲ್ಲ, ಅದೂ ಅಲ್ಲವಾದರೆ ಹುಳು ಸತ್ತ ಮೇಲೂ ಉಳಿಯುವ ತುರಿಕೆಯನ್ನೇ ರೋಗವೆಂದು ತಿಳಿದಿದ್ದಾರೆ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಹುಳುವಿನ ಕ್ಯಾಲೆಂಡರು

ಕಜ್ಜಿಯ ಹುಳು ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಹೆಣ್ಣು ಹುಳು ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತಾ ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆ ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ, ಮರಿ ಬೆಳೆದು ದೊಡ್ಡದಾಗಲು ಸುಮಾರು ಎರಡು ವಾರ ಬೇಕು. ಮೈತುಂಬ ಗುಳ್ಳೆಯೆದ್ದ ಮನುಷ್ಯನ ಮೈಮೇಲೂ ಸಾಮಾನ್ಯವಾಗಿ ಇರುವುದು ಹತ್ತು ಹದಿನೈದು ಹುಳು ಮಾತ್ರ. ಉಳಿದ ತುರಿಕೆಯೆಲ್ಲ ಹುಳು, ಅದರ ಮೊಟ್ಟೆ, ಅದರ ಮಲ ಇವುಗಳಿಗೆ ನಮ್ಮ ಚರ್ಮ ತೋರಿಸುವ ಅಲರ್ಜಿ.

ಈ ಅಲರ್ಜಿ ಮೊದಲ ಸಲ ಹುಳು ಹತ್ತಿದಾಗ ಕೂಡಲೇ ಬರುವುದಿಲ್ಲ. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ಆ ಮನುಷ್ಯನಿಗೆ ತುರಿಕೆಯಿಲ್ಲ, ಗುಳ್ಳೆಯಿಲ್ಲ, ಆದರೆ ಪಕ್ಕದಲ್ಲಿ ಮಲಗಿದವರಿಗೆ ಹುಳು ದಾಟಿಸಬಲ್ಲ. ಹಿಂದೆ ಒಮ್ಮೆ ಕಜ್ಜಿ ಆಗಿದ್ದವರಿಗೆ ಮತ್ತೆ ಹತ್ತಿದರೆ ಮಾತ್ರ ಒಂದರಿಂದ ನಾಲ್ಕು ದಿನದಲ್ಲೇ ತುರಿಕೆ ಏಳುತ್ತದೆ. ಮನೆಯವರೆಲ್ಲ ಒಟ್ಟಿಗೆ ಔಷಧ ಮಾಡಬೇಕು ಎನ್ನುವುದಕ್ಕೆ ಕಾರಣ ಇದೇ. "ನನಗೇನೂ ತುರಿಕೆ ಇಲ್ಲ, ನನಗ್ಯಾಕೆ ಕ್ರೀಮು?" ಎನ್ನುವ ಯಜಮಾನರೇ ಎಷ್ಟೋ ಮನೆಗಳಲ್ಲಿ ಹುಳುವನ್ನು ಮುಂದಿನ ತಿಂಗಳಿಗೆ ಕಾಪಾಡಿ ಇಡುವವರು.

ಹುಳು ಹಾರುವುದಿಲ್ಲ, ನೆಗೆಯುವುದಿಲ್ಲ, ನಿಧಾನವಾಗಿ ತೆವಳುತ್ತದೆ. ಅದಕ್ಕೇ ಒಂದು ಕೈಕುಲುಕಿಗೆ, ಲೋಕಲ್ ಟ್ರೈನಿನ ನೂಕುನುಗ್ಗಲಿಗೆ ಸಾಮಾನ್ಯವಾಗಿ ಹತ್ತುವುದಿಲ್ಲ. ಚರ್ಮಕ್ಕೆ ಚರ್ಮ ತಾಗಿ ಬಹಳ ಹೊತ್ತು ಇದ್ದರೆ ಹತ್ತುತ್ತದೆ: ಒಂದೇ ಹಾಸಿಗೆ, ಮಗುವನ್ನು ಎತ್ತಿಕೊಳ್ಳುವುದು, ಗಂಡಹೆಂಡಿರ ಸಂಗ. ಒಬ್ಬರ ಟವೆಲು, ಹೊದಿಕೆಯನ್ನು ಇನ್ನೊಬ್ಬರು ಬಳಸುವ ಪಿಜಿ ಮತ್ತು ಹಾಸ್ಟೆಲ್ಲುಗಳಲ್ಲೂ ಹರಡುತ್ತದೆ. ಬಡವರ ರೋಗ, ಸ್ನಾನ ಮಾಡದವರ ರೋಗ ಎನ್ನುವುದರಲ್ಲಿ ಹುರುಳಿಲ್ಲ. ದಿನಕ್ಕೆ ಎರಡು ಸಲ ಮೀಯುವವರಿಗೂ ಬರುತ್ತದೆ, ಸುರಂಗದೊಳಗಿನ ಹುಳು ಸೋಪಿಗೆ ಹೋಗುವುದಿಲ್ಲ.

ಕ್ರೀಮು: ಎಷ್ಟು, ಎಲ್ಲಿ, ಎಷ್ಟು ಹೊತ್ತು

ಪರ್ಮೆಥ್ರಿನ್ ಹುಳುವಿನ ನರವ್ಯವಸ್ಥೆಯನ್ನು ಕೆಡಿಸಿ ಕೊಲ್ಲುತ್ತದೆ. ಸೇವಂತಿಗೆಯ ಬಳಗದ ಪೈರೆಥ್ರಮ್ ಹೂವಿನಲ್ಲಿರುವ ಕೀಟನಾಶಕ ಅಂಶದ ಮಾದರಿಯಲ್ಲಿ ಕಾರ್ಖಾನೆಯಲ್ಲಿ ತಯಾರಾಗುವ ಔಷಧ ಇದು. ಚರ್ಮದ ಮೂಲಕ ರಕ್ತಕ್ಕೆ ಸೇರುವ ಪ್ರಮಾಣ ತೀರ ಕಡಿಮೆ, ಆದ್ದರಿಂದ ಎರಡು ತಿಂಗಳು ದಾಟಿದ ಕೂಸಿಗೂ ಹಚ್ಚಬಹುದು. ಬಸುರಿಯರಿಗೂ ವೈದ್ಯರು ಸಾಮಾನ್ಯವಾಗಿ ಇದನ್ನೇ ಬರೆಯುತ್ತಾರೆ.

ಇದನ್ನು ಗುಳ್ಳೆ ಇದ್ದಲ್ಲಿ ಮಾತ್ರ ಹಚ್ಚುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಗುಳ್ಳೆ ಇರುವುದು ಅಲರ್ಜಿಯಿಂದ, ಹುಳು ಇರುವುದು ಬೇರೆಲ್ಲೋ. ದೊಡ್ಡವರು ದವಡೆಯ ಅಂಚಿನಿಂದ ಕೆಳಗೆ ಅಂಗಾಲಿನವರೆಗೆ ಒಂದು ಬೆರಳಗಲವೂ ಬಿಡದೆ ಹಚ್ಚಬೇಕು. ಕಿವಿಯ ಹಿಂದೆ, ಬೆರಳ ಸಂದು, ಉಗುರಿನ ಕೆಳಗೆ, ಕಂಕುಳು, ಸ್ತನದ ಕೆಳಗೆ, ಹೊಕ್ಕುಳೊಳಗೆ, ಪೃಷ್ಠದ ಸಂದು, ಜನನಾಂಗ, ಕಾಲ್ಬೆರಳ ಸಂದು ಇವು ಜನ ಬಿಟ್ಟುಬಿಡುವ ಜಾಗಗಳು. ಉಗುರನ್ನು ಮೊದಲೇ ಗಿಡ್ಡವಾಗಿ ಕತ್ತರಿಸಿ, ಹಳೆಯ ಟೂತ್‌ಬ್ರಷ್ಷಿನಿಂದ ಅದರ ಕೆಳಗೆ ಸವರಿ ಆ ಬ್ರಷ್ಷನ್ನು ಎಸೆಯಬೇಕು. ಬೆನ್ನಿಗೆ ತಮ್ಮ ಕೈ ಮುಟ್ಟುವುದಿಲ್ಲ, ಇನ್ನೊಬ್ಬರು ಹಚ್ಚಬೇಕು. ಒಂಟಿಯಾಗಿ ರೂಮಿನಲ್ಲಿರುವ ಹುಡುಗರಿಗೆ ವಾಸಿಯಾಗದಿರಲು ಎಷ್ಟೋ ಸಲ ಈ ಬೆನ್ನೇ ಕಾರಣ.

ಚಿಕ್ಕ ಮಕ್ಕಳಿಗೂ ವಯಸ್ಸಾದವರಿಗೂ ಹುಳು ತಲೆ, ಹಣೆ, ಕಿವಿಯ ಕಡೆಗೂ ಹೋಗುತ್ತದೆ. ಅವರಿಗೆ ಕಣ್ಣು ಬಾಯಿಯ ಸುತ್ತಲಿನ ಜಾಗ ಬಿಟ್ಟು ಮುಖಕ್ಕೂ ನೆತ್ತಿಗೂ ಹಚ್ಚಬೇಕು.

ಒಬ್ಬ ವಯಸ್ಕನ ಮೈಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ಮೈಕಟ್ಟು ದೊಡ್ಡದಾದರೆ ಅದಕ್ಕಿಂತ ಹೆಚ್ಚು, 60 ಗ್ರಾಂವರೆಗೂ ಬೇಕಾಗಬಹುದು. ಅಂದರೆ 30 ಗ್ರಾಮಿನ ಟ್ಯೂಬು ಒಬ್ಬರಿಗೆ ಒಂದು ರಾತ್ರಿಗೆ ಖಾಲಿ. ವಾರವಾದರೂ ನಿಮ್ಮ ಟ್ಯೂಬಿನಲ್ಲಿ ಇನ್ನೂ ಅರ್ಧ ಉಳಿದಿದ್ದರೆ, ನೀವು ಹಚ್ಚಿದ್ದು ಅರ್ಧ ಮೈಗೆ ಎಂದೇ ಅರ್ಥ.

ಸ್ನಾನ ಮಾಡಿದರೆ ಮೈ ಆರಿ ತಣ್ಣಗಾಗುವ ತನಕ ಕಾಯಿರಿ, ಬಿಸಿನೀರಿನ ಸ್ನಾನವಾದ ಕೂಡಲೇ ಹಚ್ಚಬೇಡಿ. ಕ್ರೀಮು ಮೈಮೇಲೆ 8ರಿಂದ 14 ಗಂಟೆ ಇರಬೇಕು. ರಾತ್ರಿ ಒಂಬತ್ತೂವರೆಗೆ ಹಚ್ಚಿ ಬೆಳಿಗ್ಗೆ ಏಳೂವರೆಗೆ ತೊಳೆದರೆ ಹತ್ತು ಗಂಟೆ ಆಯಿತು, ಲೆಕ್ಕ ಸರಿ. ನಡುವೆ ಕೈ ತೊಳೆದರೆ, ಮಗುವಿನ ಡೈಪರ್ ಬದಲಾಯಿಸಿದರೆ, ಶೌಚಕ್ಕೆ ಹೋಗಿ ಬಂದರೆ ಆ ಜಾಗಕ್ಕೆ ಮತ್ತೆ ಹಚ್ಚಬೇಕು. ಇದನ್ನು ಮರೆತರೆ ಹುಳುವಿಗೆ ಬಹಳ ಇಷ್ಟವಾದ ಬೆರಳ ಸಂದೇ ಔಷಧವಿಲ್ಲದೆ ಉಳಿಯುತ್ತದೆ.

ಏಳನೆಯ ದಿನ ಇದನ್ನೆಲ್ಲ ಇನ್ನೊಮ್ಮೆ ಮಾಡಬೇಕು. ಮೊದಲ ರಾತ್ರಿ ತಪ್ಪಿಸಿಕೊಂಡ ಹುಳು, ಮೊಟ್ಟೆಯಿಂದ ಆಮೇಲೆ ಹೊರಬಂದ ಮರಿ, ಎರಡೂ ದೊಡ್ಡದಾಗಿ ಮೊಟ್ಟೆ ಇಡುವ ಮೊದಲೇ ಸಿಗುತ್ತವೆ.

ಮೆಡಿಕಲ್‌ಗಳಲ್ಲಿ ಪರ್ಮೆಥ್ರಿನ್ ಸೋಪೂ ಸಿಗುತ್ತದೆ. ಎರಡು ನಿಮಿಷದಲ್ಲಿ ತೊಳೆದುಹೋಗುವ ಸೋಪು, ಹತ್ತು ಗಂಟೆ ಮೈಮೇಲಿರುವ ಕ್ರೀಮಿನ ಕೆಲಸ ಮಾಡಲಾರದು.

ಮಾತ್ರೆ ಯಾರಿಗೆ

ಐವರ್ಮೆಕ್ಟಿನ್ ಮೂಲತಃ ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದಿಂದ ಬಂದದ್ದು. ಅದಕ್ಕಾಗಿ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಕೋವಿಡ್ ಕಾಲದಲ್ಲಿ ಇದರ ಹೆಸರು ಬೇರೆ ಕಾರಣಕ್ಕೆ ಎಲ್ಲರ ಬಾಯಲ್ಲಿತ್ತು. ಇದರ ನಿಜವಾದ ಕೆಲಸ ಪರೋಪಜೀವಿಗಳ ಮೇಲೆ.

ಪ್ರಮಾಣ ಮೈತೂಕದ ಮೇಲೆ: ಒಂದು ಕಿಲೋಗೆ 200 ಮೈಕ್ರೋಗ್ರಾಂ. 60 ಕಿಲೋ ಇರುವವರಿಗೆ 12 ಮಿಲಿಗ್ರಾಂ. ಎಲ್ಲರಿಗೂ "12ರ ಒಂದು ಮಾತ್ರೆ" ಎಂದು ಕೊಡುವುದು ರೂಢಿಯಾಗಿದೆ, ಆದರೆ 90 ಕಿಲೋ ಮನುಷ್ಯನಿಗೆ 18 ಮಿಲಿಗ್ರಾಂ ಬೇಕು, 12 ಸಾಲದು. ಹೊಟ್ಟೆ ತುಂಬ ಊಟ ಮಾಡಿ ತೆಗೆದುಕೊಂಡರೆ ಹೆಚ್ಚು ಹೀರಿಕೊಳ್ಳುತ್ತದೆ. ಈ ಔಷಧ ಮೊಟ್ಟೆಯನ್ನು ಕೊಲ್ಲುವುದಿಲ್ಲ, ಆದ್ದರಿಂದ ಏಳರಿಂದ ಹದಿನಾಲ್ಕು ದಿನಗಳ ನಡುವೆ ಎರಡನೆಯ ಡೋಸು ಬೇಕೇ ಬೇಕು. ಒಂದೇ ಮಾತ್ರೆಗೆ ತುರಿಕೆ ಇಳಿಯಿತೆಂದು ಬಿಟ್ಟವರಿಗೆ ಮೂರು ವಾರಕ್ಕೆ ಮತ್ತೆ ಶುರುವಾಗುವುದು ಹೀಗೆ.

ಮಾತ್ರೆಯಿಂದ ಹೆಚ್ಚು ಪ್ರಯೋಜನ ಇರುವುದು ಕ್ರೀಮು ಸರಿಯಾಗಿ ಹಚ್ಚಲಾಗದ ಕಡೆ: ಹತ್ತು ಹುಡುಗರ ಪಿಜಿ, ವೃದ್ಧಾಶ್ರಮ, ಮೈತುಂಬ ಒಡೆದ ಹುಣ್ಣು ಇರುವವರು, ಕ್ರೀಮು ಸರಿಯಾಗಿ ಹಚ್ಚಿಯೂ ಗುಣವಾಗದವರು. 15 ಕಿಲೋಗಿಂತ ಕಡಿಮೆ ಇರುವ ಮಕ್ಕಳಿಗೂ ಬಸುರಿಯರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಎದೆಹಾಲು ಕೊಡುವವರು, ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಅದನ್ನು ಮೊದಲೇ ಹೇಳಬೇಕು.

ಒಂದು ಮನೆಯ ಲೆಕ್ಕ

ಥಾಣೆಯ ವನ್ ಬಿಎಚ್‌ಕೆಯ ಒಂದು ಮನೆ ಎಂದುಕೊಳ್ಳೋಣ. ಗಂಡ, ಹೆಂಡತಿ, ಎಪ್ಪತ್ತು ದಾಟಿದ ಅತ್ತೆ, ಎಂಟು ವರ್ಷದ ಮಗಳು, ಒಂದೂವರೆ ವರ್ಷದ ಮಗ. ಪುಣೆಯ ಪಿಜಿಯಲ್ಲಿದ್ದ ಅಕ್ಕನ ಮಗ ಹೊಸ ಕೆಲಸ ಸಿಕ್ಕಿ ಇವರ ಮನೆಗೆ ಬಂದು ಹಾಲಿನಲ್ಲಿ ಮಲಗುತ್ತಿದ್ದಾನೆ. ಅವನಿಗೆ ಬಂದಾಗಲೇ ತುರಿಕೆ ಇತ್ತು. ಮಗು ಸದಾ ಅವನ ತೊಡೆಯ ಮೇಲೆ. ಐದು ವಾರಕ್ಕೆ ಮಗುವಿನ ಅಂಗೈ ಅಂಗಾಲಿನಲ್ಲಿ ಗುಳ್ಳೆ ಎದ್ದವು, ಆರನೆಯ ವಾರ ತಾಯಿ ಮಣಿಕಟ್ಟು ಕೆರೆದುಕೊಳ್ಳತೊಡಗಿದರು. ಗಂಡ, ಅತ್ತೆ, ಮಗಳಿಗೆ ಏನೂ ಇಲ್ಲ.

ಮೊದಲು ಅವರು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಒಂದು ಟ್ಯೂಬು ತಂದು, ತುರಿಸುವ ಮೂವರು ಗುಳ್ಳೆಯಿದ್ದಲ್ಲಿ ಹಚ್ಚಿದರು. ತಿಂಗಳಿಗೆ ಮಗಳಿಗೂ ಬಂತು.

ಸರಿಯಾದ ಲೆಕ್ಕ ಹೀಗೆ. ನಾಲ್ಕು ಜನ ದೊಡ್ಡವರಿಗೆ ತಲಾ 30 ಗ್ರಾಮಿನಂತೆ 120, ಮಗಳಿಗೆ ಸುಮಾರು 15, ಮಗುವಿಗೆ ಸುಮಾರು 10. ಒಂದು ರಾತ್ರಿಗೆ 145 ಗ್ರಾಂ, ಎರಡು ರಾತ್ರಿಗೆ 290. ಅಂದರೆ 30 ಗ್ರಾಮಿನ ಹತ್ತು ಟ್ಯೂಬು. ಒಂದು ಟ್ಯೂಬಿಗೂ ಹತ್ತು ಟ್ಯೂಬಿಗೂ ಇರುವ ಈ ಅಂತರದಲ್ಲೇ ಮನೆಮನೆಗಳಲ್ಲಿ ಕಜ್ಜಿ ಉಳಿದುಕೊಂಡಿದೆ. ಖರ್ಚು ಹೆಚ್ಚೆನಿಸಿದರೆ ಡಾಕ್ಟರ ಬಳಿ ಮುಚ್ಚಿಡದೆ ಹೇಳಿ. ಗಂಡ ಮತ್ತು ಅಕ್ಕನ ಮಗನಿಗೆ ಕ್ರೀಮಿನ ಬದಲು ಮಾತ್ರೆ ಬರೆದರೆ ಎರಡು ರಾತ್ರಿಯ ನಾಲ್ಕು ಟ್ಯೂಬು ಉಳಿಯುತ್ತದೆ.

ಶನಿವಾರ ರಾತ್ರಿಯನ್ನು ಆರಿಸಿಕೊಂಡರೆ ಅನುಕೂಲ, ಮರುದಿನ ಆಫೀಸು ಶಾಲೆಯ ಗಡಿಬಿಡಿ ಇಲ್ಲ. ಆರೂ ಜನ ಅದೇ ರಾತ್ರಿ ಔಷಧ ಮಾಡಬೇಕು, ಇವತ್ತು ಮೂವರು ನಾಳೆ ಮೂವರು ಎಂದರೆ ನಡೆಯದು. ಅತ್ತೆಗೆ ಮತ್ತು ಮಗುವಿಗೆ ನೆತ್ತಿ, ಹಣೆಗೂ ಕ್ರೀಮು. ಮಗು ಕೈ ಬಾಯಿಗಿಡದಂತೆ ಕೈಗೆ ತೆಳುವಾದ ಕಾಲುಚೀಲ ತೊಡಿಸಬೇಕು. ಹಾಲು ಕುಡಿಸುವ ತಾಯಿ ಕುಡಿಸುವ ಮುಂಚೆ ಎದೆತೊಟ್ಟಿನ ಕ್ರೀಮನ್ನು ತೊಳೆದು, ಆಮೇಲೆ ಮತ್ತೆ ಹಚ್ಚಿಕೊಳ್ಳಬೇಕು. ಮಗುವನ್ನು ಇಡೀ ದಿನ ನೋಡಿಕೊಳ್ಳುವ ಬಾಯಿ ಇದ್ದರೆ ಅವರಿಗೂ ಅದೇ ರಾತ್ರಿ ಔಷಧ ಸಿಗಬೇಕು. ಅದರ ಖರ್ಚು ಮನೆಯವರೇ ಕೊಡುವುದು ನ್ಯಾಯ, ಹುಳು ಹೋದದ್ದು ಈ ಮನೆಯಿಂದ. ಪಾತ್ರೆ ತೊಳೆದು ಹೋಗುವವರಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅಕ್ಕನ ಮಗ ಪುಣೆಯ ಹಳೆಯ ರೂಮಿನ ಗೆಳೆಯರಿಗೂ ಒಂದು ಫೋನು ಮಾಡಬೇಕು, ವಾರಾಂತ್ಯಕ್ಕೆ ಅಲ್ಲಿಗೇ ಹೋಗಿ ಮಲಗುವ ಅಭ್ಯಾಸವಿದ್ದರಂತೂ ಖಂಡಿತ.

ಮೈಮೇಲಿನ ಹುಳು ಬಟ್ಟೆಯ ಮೇಲೆ ಬಿದ್ದರೆ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹಾಗಾಗಿ ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಟವೆಲು, ಹಾಸು, ಹೊದಿಕೆಗಳನ್ನು ಭಾನುವಾರ ಬೆಳಿಗ್ಗೆ ಬಿಸಿನೀರಿನಲ್ಲಿ ಒಗೆದರೆ ಸಾಕು, ವಾಷಿಂಗ್ ಮಷೀನಿನಲ್ಲಿ 60 ಡಿಗ್ರಿ ಇದ್ದರೆ ಅದೇ. ಒಗೆಯಲಾಗದ ರಜಾಯಿ, ಸ್ವೆಟರು, ಮಗುವಿನ ಗೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಟ್ಟರೆ ಹುಳು ತಾನೇ ಸಾಯುತ್ತದೆ. ಹಾಸಿಗೆ ಎಸೆಯುವುದು, ಮನೆಗೆ ಪೆಸ್ಟ್ ಕಂಟ್ರೋಲ್ ಹೊಡೆಸುವುದು ಬೇಡ. ಬೆಕ್ಕು ನಾಯಿಗೆ ಬರುವ ಕಜ್ಜಿ ಬೇರೆ ಜಾತಿಯದು, ಮನುಷ್ಯರ ಮೈಮೇಲೆ ನೆಲೆ ನಿಲ್ಲುವುದಿಲ್ಲ.

ಮಗಳು ಸೋಮವಾರ ಶಾಲೆಗೆ ಹೋಗಬಹುದು. ಮುಂದಿನ ಶನಿವಾರ ರಾತ್ರಿ ಎಲ್ಲರಿಗೂ ಎರಡನೆಯ ಸುತ್ತು.

ಹುಳು ಸತ್ತಿತು, ತುರಿಕೆ ಉಳಿಯಿತು

ಇಲ್ಲಿಯವರೆಗೆ ಎಲ್ಲ ಸರಿಯಾಗಿ ಮಾಡಿದವರೂ ಎಡವುವುದು ಇಲ್ಲಿ. ಎರಡನೆಯ ಭಾನುವಾರವೂ ತುರಿಕೆ ಇದೆ. ಕೆಲವರಿಗೆ ಮೊದಲ ಕೆಲವು ದಿನ ಹೆಚ್ಚೇ ಆಗುತ್ತದೆ. ಸತ್ತ ಹುಳು, ಮೊಟ್ಟೆಯ ಸಿಪ್ಪೆ, ಮಲ ಇನ್ನೂ ಚರ್ಮದಲ್ಲೇ ಇವೆ. ಮೇಲ್ಪದರ ಉದುರಿ ಹೊಸದು ಬರುವ ತನಕ ಅಲರ್ಜಿ ನಿಲ್ಲುವುದಿಲ್ಲ. ಎರಡರಿಂದ ನಾಲ್ಕು ವಾರ ತುರಿಕೆ ಇರುವುದು ಸಹಜ.

ಇದನ್ನು ರೋಗವೆಂದೇ ತಿಳಿದು ದಿನ ಬಿಟ್ಟು ದಿನ ಪರ್ಮೆಥ್ರಿನ್ ಹಚ್ಚಿದರೆ ಚರ್ಮ ಒಣಗಿ, ಉರಿದು, ಅದೇ ಹೊಸ ತುರಿಕೆಗೆ ಕಾರಣವಾಗುತ್ತದೆ. ಆಗ ಬೇಕಾಗುವುದು ಚರ್ಮಕ್ಕೆ ತಂಪು. ಉಗುರು ಬೆಚ್ಚಗಿನ ನೀರಿನಲ್ಲಿ ಬೇಗ ಮುಗಿಸುವ ಸ್ನಾನ, ಕಡಿಮೆ ಸೋಪು, ಮೈ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ಪರಿಮಳವಿಲ್ಲದ ಮಾಯಿಶ್ಚರೈಸರ್. ರಾತ್ರಿ ನಿದ್ದೆ ಕೆಟ್ಟರೆ ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆ ಸ್ವಲ್ಪ ಸಹಾಯ ಮಾಡುತ್ತದೆ. ಹೆಚ್ಚಿದ್ದರೆ ಡಾಕ್ಟರು ಕೆಲವು ದಿನಕ್ಕೆ ಸ್ಟೆರಾಯ್ಡ್ ಕ್ರೀಮು ಬರೆಯುತ್ತಾರೆ. ಆದರೆ ಅದು ಹುಳು ಸತ್ತ ಮೇಲೆ, ಅವರು ನೋಡಿ ಬರೆದಾಗ ಮಾತ್ರ.

ಏಕೆಂದರೆ ಮೆಡಿಕಲ್‌ನಲ್ಲಿ ತುರಿಕೆ ಎಂದೊಡನೆ ಕೈಗೆ ಬರುವುದು ಸ್ಟೆರಾಯ್ಡು, ಫಂಗಸ್ ಔಷಧ, ಆಂಟಿಬಯೋಟಿಕ್ ಮೂರನ್ನೂ ಬೆರೆಸಿದ ಟ್ಯೂಬು. ಕಜ್ಜಿಗೆ ಇದನ್ನು ಮೊದಲೇ ಹಚ್ಚಿದರೆ ಎರಡೇ ದಿನಕ್ಕೆ ಹಾಯೆನಿಸುತ್ತದೆ, ಗುಳ್ಳೆಯೂ ಮಸುಕಾಗುತ್ತದೆ. ಅಲರ್ಜಿ ಅಡಗಿದೆ, ಹುಳು ಮಾತ್ರ ನಿಶ್ಚಿಂತೆಯಿಂದ ಹೆಚ್ಚುತ್ತಿದೆ. ಆಮೇಲೆ ನೋಡಿದ ಡಾಕ್ಟರಿಗೂ ಇದು ಕಜ್ಜಿಯೆಂದು ಗುರುತಿಸುವುದು ಕಷ್ಟ. ಅಂಥ ಟ್ಯೂಬು ಹಚ್ಚಿದ್ದರೆ ಅದನ್ನು ಜೊತೆಗೇ ಒಯ್ದು ತೋರಿಸಿ.

ಕಂಕುಳು, ತೊಡೆಸಂದಿ, ಗಂಡಸರ ವೃಷಣದ ಮೇಲೆ ಕಡಲೆಕಾಳಿನಂಥ ಗಂಟುಗಳು ಉಳಿಯಬಹುದು. ಇವು ತಿಂಗಳುಗಟ್ಟಲೆ ತುರಿಸಿದರೂ ಒಳಗೆ ಜೀವಂತ ಹುಳು ಇದೆಯೆಂದೇ ಅರ್ಥವಲ್ಲ.

ಸೋತಿದೆಯೋ ಇಲ್ಲವೋ ತಿಳಿಯುವುದು ಹೇಗೆ

ತುರಿಕೆ ಇದೆಯೇ ಎಂದು ಕೇಳಿಕೊಳ್ಳುವ ಬದಲು, ಕಳೆದ ವಾರಕ್ಕಿಂತ ಕಡಿಮೆಯಾಗಿದೆಯೇ ಎಂದು ಕೇಳಿಕೊಳ್ಳಿ. ಥಾಣೆಯ ಮನೆಯಲ್ಲಿ ಎರಡನೆಯ ಸುತ್ತಾದ ವಾರ ತಾಯಿ ರಾತ್ರಿ ಮೂರು ಸಲ ಏಳುತ್ತಿದ್ದವರು ಮುಂದಿನ ವಾರ ಒಂದು ಸಲ ಎದ್ದರೆ, ಹೊಸ ಗುಳ್ಳೆ ಇಲ್ಲದಿದ್ದರೆ, ಗುಣವಾಗುತ್ತಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರ ಒಬ್ಬೊಬ್ಬರದೂ ಬರೆದಿಟ್ಟರೆ ಗೊಂದಲವಿರುವುದಿಲ್ಲ.

ಎರಡನೆಯ ಸುತ್ತಾಗಿ ನಾಲ್ಕು ವಾರ ಕಳೆದರೂ ತುರಿಕೆ ಇಳಿಯದಿದ್ದರೆ, ಇಳಿದದ್ದು ಮತ್ತೆ ಏರಿದರೆ, ಬೆರಳ ಸಂದಿನಲ್ಲಿ ಹೊಸ ಗುಳ್ಳೆ ಅಥವಾ ಪೆನ್ಸಿಲಿನಲ್ಲಿ ಎಳೆದಂಥ ಅಂಕುಡೊಂಕು ಗೆರೆ ಕಂಡರೆ ಚರ್ಮದ ಡಾಕ್ಟರನ್ನು ನೋಡಬೇಕು. ಅವರು ಡರ್ಮೊಸ್ಕೋಪ್ ಎಂಬ ಭೂತಗನ್ನಡಿಯಿಂದ ಆ ಗೆರೆಯ ತುದಿಯಲ್ಲಿ ಹುಳು ಇದೆಯೇ ಎಂದು ಹುಡುಕುತ್ತಾರೆ. ಇದ್ದರೆ ಔಷಧ ಬದಲಿಸುವ ದಾರಿಗಳಿವೆ: ಕ್ರೀಮು ಮಾಡಿದವರಿಗೆ ಮಾತ್ರೆ, ಎರಡೂ ಒಟ್ಟಿಗೆ, ಅಥವಾ ಬೆಂಜೈಲ್ ಬೆಂಜೋಯೇಟ್ ಲೋಶನ್. ಎರಡು ತಿಂಗಳೊಳಗಿನ ಕೂಸಿಗೆ ಗಂಧಕದ ಮುಲಾಮನ್ನು ಡಾಕ್ಟರು ಈಗಲೂ ಬಳಸುತ್ತಾರೆ, ಅಜ್ಜಿಯರ ಗಂಧಕದ ಮದ್ದು ಪೂರ್ತಿ ಸುಳ್ಳಾಗಿರಲಿಲ್ಲ.

ಕೆಲವು ಲಕ್ಷಣಗಳಿಗೆ ನಾಲ್ಕು ವಾರ ಕಾಯಬಾರದು. ಗುಳ್ಳೆಯಲ್ಲಿ ಕೀವು, ಜೇನುಬಣ್ಣದ ಹಕ್ಕಳೆ, ಜ್ವರ ಬಂದರೆ ಅದು ಬ್ಯಾಕ್ಟೀರಿಯಾದ ಸೋಂಕು, ಆಂಟಿಬಯೋಟಿಕ್ ಬೇಕು. ಮಕ್ಕಳಲ್ಲಿ ಈ ಸೋಂಕಾದ ಮೇಲೆ ಮುಖ ಊದಿಕೊಂಡರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ತೊಂದರೆಯಾಗಿದೆ ಎಂದು ತಿಳಿದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಕೈಕಾಲಿನ ಚರ್ಮ ದಪ್ಪವಾಗಿ ಹಕ್ಕಳೆಗಟ್ಟಿದ್ದರೆ ಅದು ಬೇರೆಯೇ ತೀವ್ರತೆಯ ಕಜ್ಜಿ. ಅಲ್ಲಿ ಹುಳುಗಳು ಹತ್ತು ಹದಿನೈದಲ್ಲ, ಸಾವಿರಗಟ್ಟಲೆ. ತುರಿಕೆ ಅಷ್ಟಾಗಿ ಇರದೆಯೂ ಇರಬಹುದು. ಎರಡು ಸುತ್ತಿನ ಕ್ರೀಮು ಅದಕ್ಕೆ ಸಾಲದು, ತಜ್ಞರ ಕೈಯಲ್ಲೇ ಚಿಕಿತ್ಸೆ ಆಗಬೇಕು.

ಊರಿಗೆ ಹೊರಡುವ ಮೊದಲು ಒಂದು ಮಾತು ನೆನಪಿರಲಿ. ಗಣೇಶನ ಹಬ್ಬಕ್ಕೋ ಮದುವೆಗೋ ಹೋದಾಗ ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಹತ್ತು ಜನ ಮಲಗುತ್ತೇವೆ. ಮೊದಲ ಸುತ್ತಿನ ಔಷಧವನ್ನಾದರೂ ಹೊರಡುವ ಮುಂಚೆ ಮುಗಿಸಿ, ಎರಡನೆಯ ಸುತ್ತಿನ ಟ್ಯೂಬುಗಳನ್ನು ಬ್ಯಾಗಿನಲ್ಲಿಟ್ಟುಕೊಳ್ಳಿ. ಆ ಮೊದಲೇ ಹೋಗಿ ಬಂದಿದ್ದರೆ, ಅಲ್ಲಿ ಜೊತೆಗೆ ಮಲಗಿದವರಿಗೆ ನಾಚಿಕೆ ಬಿಟ್ಟು ತಿಳಿಸಿ. ಅವರಿಗೆ ತುರಿಕೆ ಶುರುವಾಗಲು ಇನ್ನೂ ನಾಲ್ಕು ವಾರ ಇರಬಹುದು, ಔಷಧ ಮಾಡಿಕೊಳ್ಳಲು ಈಗಲೇ ಸರಿಯಾದ ಸಮಯ.